ಮಲೆನಾಡಿನ ಮನೆಯ ನಕ್ಷೆಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದಿತ್ತು?

ನಕ್ಷೆಗಾರ್ತಿ: ಸಾಗರ ತಾಲ್ಲೂಕಿನ ಹಳೆಯ ಬ್ರಾಹ್ಮಣ ಮನೆಯೊಂದನ್ನು ಕೆಡವುವ ಮುನ್ನ ಅಳತೆ ತೆಗೆದು ದಾಖಲಿಸುತ್ತಿದ್ದೇವೆ. ಅದರ ಜಗಲಿ ಎರಡು ಮಟ್ಟದಲ್ಲಿದೆ. ಹಿತ್ತಿಲ ಕಡೆ ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ಸಣ್ಣ ಕೋಣೆಯೊಂದಿದೆ, ಆದರೆ ಅದಕ್ಕೆ ಒಳಗಿನಿಂದ ಬಾಗಿಲೇ ಇಲ್ಲ. ಇದು ಮಳೆ ಮತ್ತು ಹೊಗೆಯ ಕಾರಣಕ್ಕೋ, ಜಾತಿ ಮತ್ತು ಮಡಿಯ ಕಾರಣಕ್ಕೋ?

ಮಳೆಗಾಲ: ಎಲ್ಲದರಲ್ಲಿಯೂ ಜಾತಿಯನ್ನು ಹುಡುಕುವುದು ಸರಿಯಲ್ಲ. ಮಲೆನಾಡಿನ ಮಳೆಗೆ ಇಳಿಜಾರು ಸೂರು, ಎತ್ತರದ ಪಂಚಾಂಗ, ಮುಂಚಾಚಿದ ಜಗಲಿ ಬೇಕೇ ಬೇಕು. ಹೊಸಿಲು ಎತ್ತರವಿದ್ದರೆ ನೀರು ಮತ್ತು ಹುಳಹುಪ್ಪಟೆ ಒಳಗೆ ಬರುವುದಿಲ್ಲ, ಬಾಗಿಲ ಚೌಕಟ್ಟೂ ಬಿಗಿಯಾಗಿ ನಿಲ್ಲುತ್ತದೆ. ಸೌದೆ ಒಲೆಯ ಹೊಗೆ ಉಳಿದ ಕೋಣೆಗಳಿಗೆ ಹರಡದಂತೆ ಅಡುಗೆಮನೆಯನ್ನು ಹಿಂಬದಿಗೆ ಇಟ್ಟರು. ಜಗಲಿಯ ಕೆಳಮಟ್ಟ ಕೆಸರುಕಾಲಿನವರಿಗೆ, ಮೇಲುಮಟ್ಟ ಕಾಲು ತೊಳೆದು ಬಂದವರಿಗೆ. ಇಷ್ಟೇ ವಿಷಯ.

ಗಾರೆಕೈ: ಮಳೆಗಾಲ ಅವರು ಸೂರಿನ ಬಗ್ಗೆ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ, ಹೊಸಿಲಿನ ಮಾತೂ ಬಹುಮಟ್ಟಿಗೆ ಸರಿಯೇ. ಆದರೆ ಮಳೆ ವಿವರಿಸುವುದು ಮಾಡಿನ ಆಕಾರವನ್ನು, ಕೋಣೆಗಳ ಸರಣಿಯನ್ನಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಸೋಗೆಯ ಮಾಡುಗಳು ನಿಧಾನವಾಗಿ ಹೆಂಚಿಗೆ ತಿರುಗಿದವು. ಮಾಡು ಬದಲಾಯಿತು, ಆದರೆ ಅಂಗಳ, ಜಗಲಿ, ನಡುಮನೆ, ದೇವರಮನೆ, ಅಡುಗೆಮನೆ ಎನ್ನುವ ಕ್ರಮ ಕದಲಲಿಲ್ಲ. ಅದೇ ಮಳೆಯಲ್ಲಿ, ಅದೇ ಹೆಂಚಿನ ಕೆಳಗೆ ಇರುವ ಮಂಗಳೂರು ಕಡೆಯ ಹಳೆಯ ಕ್ರೈಸ್ತ ಮನೆಗಳಲ್ಲಿ ದೇವರ ಪೀಠ ಮುಂದಿನ ಚಾವಡಿಯಲ್ಲೇ ಇರುತ್ತದೆ, ಹೊರಗಿನಿಂದ ಬಂದವರ ಕಣ್ಣಿಗೂ ಬೀಳುತ್ತದೆ. ದೇವರಮನೆಯನ್ನು ಒಳಗೊಳಗೆ ಸರಿಸಿ ಅಡುಗೆಮನೆಯ ಮಗ್ಗುಲಿಗೆ ಇಡಬೇಕೆಂದು ಮಳೆ ಎಲ್ಲಿಯೂ ಹೇಳಿಲ್ಲ.

ನಿಮ್ಮ ಮನೆಗೆ ಒಂದು ಉಪಾಯ ಹೇಳುತ್ತೇನೆ. ಒಂದೇ ನಕ್ಷೆಯನ್ನು ಮೂರು ಹಾಳೆಗಳಲ್ಲಿ ತೆಗೆದುಕೊಂಡು ಮೂವರ ಓಡಾಟವನ್ನು ಗುರುತಿಸಿ: ತೋಟದ ಆಳು, ಮುಟ್ಟಾದ ಸೊಸೆ, ಮಡಿಯಲ್ಲಿರುವ ವಿಧವೆ ಅತ್ತೆ. ಆಳಿನ ಗೆರೆ ಅಂಗಳದಲ್ಲಿ ನಿಲ್ಲುತ್ತದೆ. ಗೇಣಿಯ ಒಕ್ಕಲಿನವನದು, ಅವನ ಜಾತಿಯನ್ನು ನೋಡಿಕೊಂಡು, ಜಗಲಿಯ ಕೆಳಮಟ್ಟಕ್ಕೆ ಬಂದೀತು. ಸೊಸೆಯ ಗೆರೆ ಉಳಿದ ದಿನಗಳಲ್ಲಿ ಮನೆ ತುಂಬ ಹರಿದಾಡಿ, ಆ ಮೂರು ದಿನ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ನೀವು ಹೇಳಿದ ಕೋಣೆಗೆ ಸೇರುತ್ತದೆ. ಒಳಬಾಗಿಲು ಇಲ್ಲದಿರುವುದನ್ನು ಹೊಗೆಯಿಂದಲೂ ಮಳೆಯಿಂದಲೂ ವಿವರಿಸಲಾಗದು, ಏಕೆಂದರೆ ಜಡಿಮಳೆಯಲ್ಲಿ ನೆನೆದುಕೊಂಡು ಸುತ್ತಿ ಬರುವಂತೆ ಮಾಡುವ ಗೋಡೆ ಅದು.

ಮೂರನೆಯ ಹಾಳೆಯೇ ಹೆಚ್ಚು ಕಾಡುತ್ತದೆ. ಮನೆಯ ಅತ್ಯಂತ ಶುದ್ಧ ಜಾಗದಲ್ಲಿ ದಿನವಿಡೀ ಇರುತ್ತಿದ್ದವಳು ಮನೆಯಲ್ಲಿ ಅತ್ಯಂತ ಕಡಿಮೆ ಅಧಿಕಾರವಿದ್ದ ಹೆಂಗಸು. ಬಾವಿಯಿಂದ ಅಡುಗೆಮನೆ, ಅಡುಗೆಮನೆಯಿಂದ ದೇವರಮನೆಯ ಬಾಗಿಲು, ಅಷ್ಟರಲ್ಲೇ ಅವಳ ಗೆರೆ ಮುಗಿಯುತ್ತದೆ. ಎಷ್ಟೋ ಮನೆಗಳಲ್ಲಿ ಬಾವಿಯನ್ನು ಅಡುಗೆಮನೆಗೆ ಆತುಕೊಂಡಂತೆ ತೋಡಿ, ಒಳಗೆ ನಿಂತೇ ರಾಟೆಯಲ್ಲಿ ನೀರು ಸೇದುವಂತೆ ಮಾಡಿದ್ದು ಅನುಕೂಲಕ್ಕೂ ಹೌದು, ಕೊಡ ಹೊತ್ತು ಬರುವ ದಾರಿಯಲ್ಲಿ ಯಾರೂ ಮುಟ್ಟದಿರಲಿ ಎಂಬುದಕ್ಕೂ ಹೌದು. ಮಾಡಿನ ತೊಲೆಗೆ ಅಡ್ಡಲಾಗಿ ತೂಗುಬಿಟ್ಟ ಬಿದಿರಿನ ಗಳ ಉಳಿದಿದೆಯೇ ನೋಡಿ. ಒದ್ದೆ ಮಡಿಬಟ್ಟೆಯನ್ನು ಕೋಲಿನಿಂದ ಎತ್ತಿ ಅದರ ಮೇಲೆ ಹರವುತ್ತಿದ್ದರು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಅದು ಇರುತ್ತಿತ್ತು. ಗಳ ಹೋಗಿದ್ದರೂ ತೊಲೆಯಲ್ಲಿ ಹಗ್ಗ ಉಜ್ಜಿದ ಕಚ್ಚು ಸಿಗಬಹುದು.

ಹೊಸಮನೆ_ಕಟ್ಟುತ್ತಿದ್ದೇನೆ: ಬಹಳ ಉಪಯುಕ್ತ ಚರ್ಚೆ. ಹಾಗಾದರೆ ಹಳೆಯ ಪದ್ಧತಿಯಂತೆ ಅಡುಗೆಮನೆ ಆಗ್ನೇಯದಲ್ಲೇ ಇರಬೇಕೇ? ನಮ್ಮ ನಿವೇಶನದಲ್ಲಿ ಅದು ವಾಯವ್ಯಕ್ಕೆ ಬರುತ್ತಿದೆ.

ಗಾರೆಕೈ: ಇಲ್ಲಿ ಯಾವ ದಿಕ್ಕು ಎನ್ನುವುದಲ್ಲ, ಯಾರ ದಾರಿ ಎನ್ನುವುದು ಪ್ರಶ್ನೆ. ನಿಮ್ಮ ವಿಷಯವನ್ನು ಬೇರೆ ಕಡೆ ಕೇಳಿದರೆ ಒಳ್ಳೆಯದು.

ಹಿತ್ತಿಲಗಿಡ: ನನ್ನ ಅಮ್ಮ ಅಂಥದ್ದೇ ಕೋಣೆಯಲ್ಲಿ ಮೂರು ದಿನ ಇರುತ್ತಿದ್ದರು. ಚಾಪೆ, ಒಂದು ತಟ್ಟೆ, ಒಂದು ಚೊಂಬು ಅಲ್ಲಿಯೇ ಬೇರೆಯಾಗಿ ಇದ್ದವು. ಊಟವನ್ನು ದೂರದಿಂದ ಬಡಿಸುತ್ತಿದ್ದರು, ತಟ್ಟೆಯನ್ನು ಅವರೇ ತೊಳೆದುಕೊಳ್ಳಬೇಕಿತ್ತು. ನಾಲ್ಕನೆಯ ದಿನ ತಲೆಗೆ ಮಿಂದು ಒಳಗೆ ಬರುತ್ತಿದ್ದರು. ಆದರೂ ಅಮ್ಮ, "ಓದಲು ಸಿಗುತ್ತಿದ್ದುದು ಆ ಮೂರು ದಿನ ಮಾತ್ರ" ಎನ್ನುತ್ತಿದ್ದರು. ಇದನ್ನು ಬರೀ ಶಿಕ್ಷೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮಳೆಗಾಲ: ನೋಡಿ, ಅದು ವಿಶ್ರಾಂತಿಯ ವ್ಯವಸ್ಥೆಯೇ ಆಗಿತ್ತು.

ದಣಪೆಯಾಚೆ: ವಿಶ್ರಾಂತಿಯೇ ಉದ್ದೇಶವಾಗಿದ್ದರೆ ಒಳಗೊಂದು ಕೋಣೆಯಲ್ಲಿ ಮಲಗಿಸಬಹುದಿತ್ತು, ಚೊಂಬನ್ನು ಬೇರೆ ಇಡುವ ಅಗತ್ಯವಿರಲಿಲ್ಲ. ಅಂಗಳ ಗುಡಿಸುವುದು, ಅಡಿಕೆ ಒಣಗಿಸುವುದು ಆ ದಿನಗಳಲ್ಲಿಯೂ ತಪ್ಪದ ಮನೆಗಳಿದ್ದವು. ಇಂದಿಗೂ ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ಪದ್ಧತಿ ಉಳಿದಿದೆ. ಅದನ್ನು ವಿಶ್ರಾಂತಿ ಎನ್ನಲಾಗದೆಂದೇ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅದೂ ಸೇರಿದೆ.

ನನ್ನ ಮುಖ್ಯ ಆಕ್ಷೇಪ ಬೇರೆ. ನಮ್ಮ ತಾಯಿ ಇಂಥ ಮನೆಯೊಂದರ ತೋಟದಲ್ಲಿ ದುಡಿದವರು. ನಿಮ್ಮ ನಕ್ಷೆ ಜಗಲಿಯಿಂದ ಆರಂಭವಾದರೆ ಅವರು ಅದರಲ್ಲಿ ಇರುವುದೇ ಇಲ್ಲ. ಬೇಲಿಯ ದಾಟುಬಾಗಿಲಾದ ದಣಪೆಯಿಂದಲೇ ಅಳತೆ ತೆಗೆಯಿರಿ. ಅವರು ಎಲ್ಲಿ ಕೂತು ಉಣ್ಣುತ್ತಿದ್ದರು, ನೀರನ್ನು ಎಲ್ಲಿ ನಿಂತು ಬೊಗಸೆಗೆ ಎತ್ತರದಿಂದ ಹೊಯ್ಯಿಸಿಕೊಳ್ಳುತ್ತಿದ್ದರು, ಕಾಫಿ ಕುಡಿಯುವ ಗೆರಟೆಯನ್ನು ಕೊಟ್ಟಿಗೆಯ ಯಾವ ಸಂದಿನಲ್ಲಿ ಸಿಕ್ಕಿಸಿಡುತ್ತಿದ್ದರು ಎನ್ನುವುದೂ ಗೋಡೆಗಳಂತೆಯೇ ಆ ಮನೆಯ ಭಾಗ. ಕೊಟ್ಟಿಗೆಯ ಸಗಣಿ ಬಾಚುತ್ತಿದ್ದವರು ನಮ್ಮವರು. ಅದೇ ಸಗಣಿ ಸಾರಿಸಿದ ಮೇಲೆ ಅಡುಗೆಮನೆ ಶುದ್ಧವಾಗುತ್ತಿತ್ತು, ಬಾಚಿದವರು ಒಳಗೆ ಬಂದರೆ ಮಾತ್ರ ಮೈಲಿಗೆ.

ಮಳೆಗಾಲ: ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಎರಡು ಮಟ್ಟದ ಜಗಲಿ ಬ್ರಾಹ್ಮಣೇತರರ ಮನೆಗಳಲ್ಲಿಯೂ ಇದೆಯಲ್ಲ? ಆಳುಗಳ ಮನೆಗಳಲ್ಲಿ ಇಷ್ಟು ಕೋಣೆಗಳಿಲ್ಲದಿರುವುದಕ್ಕೆ ಬಡತನವೂ ಕಾರಣವಾಗಿರಬಹುದು.

ಗಾರೆಕೈ: ಎರಡೂ ನ್ಯಾಯವಾದ ಪ್ರಶ್ನೆಗಳು. ಹಿಡುವಳಿ ಇದ್ದ ಗೌಡರ, ಪಟೇಲರ ಮನೆಯ ಜಗಲಿಯಲ್ಲಿಯೂ ಯಾರು ಮೇಲೆ, ಯಾರು ಕೆಳಗೆ ಎಂಬ ಲೆಕ್ಕ ಇದ್ದೇ ಇತ್ತು. ಆದ್ದರಿಂದ ಇದನ್ನು ಒಂದೇ ಜಾತಿಯ ಸೊತ್ತು ಎನ್ನಲಾರೆ. ಲಿಂಗಾಯತರಲ್ಲಿ ಐದು ಸೂತಕಗಳನ್ನೇ ನಿರಾಕರಿಸಿದ ತತ್ತ್ವವಿದೆ, ಮುಟ್ಟೂ ಜಾತಿಯೂ ಆ ಐದರಲ್ಲಿ ಸೇರಿವೆ; ಹಾಗಿದ್ದರೂ ಅವರ ಎಲ್ಲ ಮನೆಗಳ ಹೊಸಿಲುಗಳು ಆ ತತ್ತ್ವದಂತೆ ನಡೆದುಕೊಂಡವು ಎನ್ನುವಂತಿಲ್ಲ. ಕೆಳಮಟ್ಟ ಕಟ್ಟುವಾಗಲೇ ಯಾರೋ ಕೂರಲೆಂದು ಕಟ್ಟಿದ್ದೇ, ಅಥವಾ ಇದ್ದ ಮೆಟ್ಟಿಲಿಗೆ ಆಮೇಲೆ ಅರ್ಥ ಅಂಟಿಕೊಂಡಿತೇ ಎಂಬುದನ್ನು ಕಲ್ಲೊಂದೇ ಹೇಳುವುದಿಲ್ಲ. 1974ರ ಭೂಸುಧಾರಣೆಯ ನಂತರ ಗೇಣಿಯವರು ಬಂದು ಕೂರುವ ಸಂದರ್ಭವೇ ಕಡಿಮೆಯಾಯಿತು, ಅನೇಕ ಕಡೆ ಎರಡು ಮಟ್ಟವನ್ನು ಸಮ ಮಾಡಿ ಹೊಸ ನೆಲ ಹಾಕಿದರು. ನಿಮ್ಮ ಮನೆಯಲ್ಲಿ ಅದು ಉಳಿದಿರುವುದೇ ಅದೃಷ್ಟ. ಮಟ್ಟಗಳ ವ್ಯತ್ಯಾಸ, ಅಂಚುಕಲ್ಲಿನ ಸವೆತ ಎರಡನ್ನೂ ಬರೆದುಕೊಳ್ಳಿ. ಮನೆಯವರನ್ನು ಮಾತ್ರ ಕೇಳಿದರೆ "ಎಲ್ಲರೂ ಬರುತ್ತಿದ್ದರು" ಎಂದೇ ಹೇಳುತ್ತಾರೆ. ದುಡಿದವರ ಕುಟುಂಬವನ್ನೂ ಬೇರೆಯಾಗಿ ಕೇಳಿ.

ನಕ್ಷೆಗಾರ್ತಿ: ಬಿದಿರು ಇಲ್ಲ, ಆದರೆ ಅಡುಗೆಮನೆಯ ಪಕ್ಕದ ತೊಲೆಯಲ್ಲಿ ಎರಡು ಕಚ್ಚುಗಳಿವೆ. ಹಿಂದಿನ ಕೋಣೆಯ ವಿಷಯದಲ್ಲಿ ತೊಡಕಾಗಿದೆ: ಪ್ರದರ್ಶನಕ್ಕಿಡುವ ನಕ್ಷೆಯಲ್ಲಿ ಅದನ್ನು ಉಗ್ರಾಣ ಎಂದು ಬರೆಯಿರಿ ಎಂದು ಮನೆಯ ಯಜಮಾನರು ಕೇಳುತ್ತಿದ್ದಾರೆ.

ಹಿತ್ತಿಲಗಿಡ: ಅವರ ಮುಜುಗರ ನನಗೆ ಅರ್ಥವಾಗುತ್ತದೆ. ಹೆಸರು ಬರೆಯದೆ ಬಿಟ್ಟುಬಿಡಿ.

ದಣಪೆಯಾಚೆ: ಉಗ್ರಾಣಕ್ಕೆ ಹಿತ್ತಿಲಿನಿಂದ ಮಾತ್ರ ಬಾಗಿಲು ಇಟ್ಟು ಅಕ್ಕಿ ತರಲು ಮಳೆಯಲ್ಲಿ ಸುತ್ತಿ ಹೋಗುವವರು ಯಾರು? ಅದರಲ್ಲಿ ಇದ್ದ ಹೆಂಗಸರು ಮನೆಯಲ್ಲಿ ಇನ್ನೂ ಇದ್ದರೆ, ಹೆಸರನ್ನು ಅವರಿಂದಲೇ ಕೇಳಿ ಬರೆಯಿರಿ.