ವಿಷಯ: ಚಿನ್ನದ ‘ಕ್ಯಾರೆಟ್’ಗೆ ಬೇರೆ ಪದ ಉಂಟಾ? (ತುರ್ತು)

ಸುಮನಾ, ಉಡುಪಿ:
ಚಿನ್ನದಂಗಡಿಯೊಂದರ ದರದ ಬೋರ್ಡು ಕನ್ನಡದಲ್ಲಿ ಮಾಡಿಕೊಡಬೇಕು, ನಾಳೆ ಬೆಳಿಗ್ಗೆ ಪ್ರಿಂಟಿಗೆ. 22 ಕ್ಯಾರೆಟ್, 24 ಕ್ಯಾರೆಟ್ ಅಂತ ಎರಡೇ ಸಾಲು. ‘ಕ್ಯಾರೆಟ್ ಅಂದ್ರೆ ತರಕಾರಿ ಅಂಗಡಿಯ ಹಾಗೆ ಕಾಣ್ತದೆ’ ಎಂದು ಯಜಮಾನರ ತಕರಾರು.

ಕೇಶವ ಭಟ್:
‘ಬಣ್ಣ.’ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹದಿನಾರು ವರ್ಣದ್ದೇ ಚೊಕ್ಕ ಚಿನ್ನ. ವರ್ಣದ ತದ್ಭವ ಬಣ್ಣ. 24ಕ್ಕೆ ‘ಅಪರಂಜಿ’ ಎಂದು ಬರೆಯಿರಿ. ಅರಬ್ಬರ ಕೀರಾತ್ ನಮಗೇಕೆ?

ರಮೇಶ, ಸುರತ್ಕಲ್:
ಕ್ಯಾರೆಟ್ ಅಂದರೆ ತೂಕ, 200 ಮಿಲಿಗ್ರಾಂ. ‘ಗುಲಗಂಜಿ’ ಆಗಬಹುದು.

ದಿನೇಶ ಆಚಾರ್ಯ, ಕಾರ್ಕಳ:
ಅದು ವಜ್ರಕ್ಕೆ, ರಮೇಶರೇ. ಚಿನ್ನಕ್ಕೆ 24 ಪಾಲಿನಲ್ಲಿ ಚಿನ್ನ ಎಷ್ಟು ಪಾಲು ಎಂಬ ಲೆಕ್ಕ. 22 ಪಾಲು ಚಿನ್ನ, ಉಳಿದೆರಡು ತಾಮ್ರ, ಬೆಳ್ಳಿ ಇತ್ಯಾದಿ. ಸಾವಿರಕ್ಕೆ ಹಾಕಿದರೆ 916.
ಭಟ್ಟರೇ, ನಿಮ್ಮ ಹದಿನಾರರ ಲೆಕ್ಕದಲ್ಲಿ 22 ಕ್ಯಾರೆಟ್ ಅಂದರೆ ಹದಿನಾಲ್ಕೂ ಮೂರರಲ್ಲೆರಡು ಬಣ್ಣ. ಬೋರ್ಡಿನಲ್ಲಿ ಬರೆಯುವುದು ಹೇಗೆ? ಬಳೆಯ ಒಳಬದಿಗೆ ಲೆನ್ಸ್ ಹಿಡಿದರೆ ಬಿಐಎಸ್ ಗುರುತು, 22K916, ಆ ಒಡವೆಯದೇ ಆದ ಆರಕ್ಷರದ ಗುರುತುಸಂಖ್ಯೆ HUID ಕಾಣುತ್ತದೆ. ಗಿರಾಕಿ ಬೋರ್ಡಿಗೆ ತಾಳೆ ನೋಡುವುದು ಅದನ್ನೇ.

ಲವೀನಾ, ಬಜ್ಪೆ:
ಪದದ ವಿಷಯ ನನಗೆ ಗೊತ್ತಿಲ್ಲ, ಕ್ಷಮಿಸಿ. ಅಮ್ಮನ ಎರಡು ಪವನಿನ ಸರ, ಬಿಲ್ಲಿನಲ್ಲಿ 22 ಅಂತ ಉಂಟು, ಗುರುತು ಇಲ್ಲ. ಬದಲಿಸಲು ಹೋದರೆ ಕರಗಿಸಿ ನೋಡಿ 833 ಅಂದರು. ಮೋಸವಾ?

ದಿನೇಶ ಆಚಾರ್ಯ:
ಹಳೆಯ ಸರದಲ್ಲಿ ಕೊಂಡಿಗೊಂದು ಬೆಸುಗೆ. ಬೆಸುಗೆಯಲ್ಲಿ ಬೇರೆ ಲೋಹ ಹೆಚ್ಚು, ಕರಗಿಸಿದರೆ ಎಲ್ಲ ಸೇರಿ ಪಾಲು ಇಳಿಯುತ್ತದೆ. ಆದರೆ 833 ಅಂದರೆ 20 ಕ್ಯಾರೆಟ್. ಅಷ್ಟು ಇಳಿತವನ್ನು ಬೆಸುಗೆಯೊಂದರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ, ಮೊದಲೇ ಕಡಿಮೆ ಇದ್ದಿರಬೇಕು.
ನಷ್ಟ ಹೀಗೆ: 16 ಗ್ರಾಂ ಸರ 916 ಇದ್ದಿದ್ದರೆ ಒಳಗೆ 14.66 ಗ್ರಾಂ ಚೊಕ್ಕ ಚಿನ್ನ. 833ಕ್ಕೆ 13.33. ಗ್ರಾಮಿಗೆ ಹತ್ತು ಸಾವಿರ ಎಂದಿಟ್ಟುಕೊಂಡರೂ ಹದಿಮೂರು ಸಾವಿರದ ಮೇಲೆ ಹೋಯಿತು, ಕೊಳ್ಳುವಾಗ ಕೊಟ್ಟ ಮಜೂರಿ ಬೇರೆ. ಮುಂದಿನ ಸಲ ಕರಗಿಸುವುದನ್ನು ಎದುರು ನಿಂತು ನೋಡಿ, ಮೊದಲು ತೂಕ ಬರೆಸಿಕೊಳ್ಳಿ.

ಕೇಶವ ಭಟ್:
ಚರ್ಚೆ ಪದದ್ದು, ವ್ಯಾಪಾರದ್ದಲ್ಲ. ಎರವಲಿಗೆ ಇಷ್ಟು ಬೇಗ ಶರಣಾದರೆ ಕನ್ನಡದಲ್ಲಿ ಉಳಿಯುವುದೇನು?

ಸುಮನಾ:
ಭಟ್ಟರೇ, ವರ್ಣವೂ ಸಂಸ್ಕೃತದ ಎರವಲೇ ಅಲ್ಲವೇ?

ಕೇಶವ ಭಟ್:
ತದ್ಭವ ಎಂದೆ. ಓದಿ ಬರೆಯಿರಿ.

ಸುಮನಾ:
ಆಯಿತು. ‘22 ಕ್ಯಾರೆಟ್ – 916’ ಅಂತ ಕಳಿಸಿದೆ. 24ರ ಸಾಲಿಗೆ ‘ಅಪರಂಜಿ’ ಯಜಮಾನರಿಗೂ ಇಷ್ಟವಾಯಿತು.

ದಿನೇಶ ಆಚಾರ್ಯ:
ಸ್ವಲ್ಪ ತಡೆಯಿರಿ. 999ಕ್ಕೂ 24 ಅಂತಾರೆ, 995ಕ್ಕೂ 24 ಅಂತಾರೆ. ಅವರಲ್ಲಿರುವ ನಾಣ್ಯ ಯಾವುದು, ಕೇಳಿದ್ದೀರಾ?