ಗಂಟೆಗೆ 87 ರೂಪಾಯಿ ಎಂದುಕೊಂಡಿದ್ದ ಕೂಲಿ ನಿಜಕ್ಕೂ ಎಷ್ಟು ಬೀಳುತ್ತದೆ? 2024ರ ನಿಯಮಗಳಂತೆ ಮಸ್ಟರ್, ಓಟಿ, ಪಿಎಫ್ ಮತ್ತು ಇಎಸ್‌ಐ ಲೆಕ್ಕ

ಶಿರವಾಡ ವೆಲ್ಡಿಂಗ್ ಶೆಡ್, ಕಾರವಾರ (ಅಕ್ಟೋಬರ್ 2024)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರದ ಶಿರವಾಡದಲ್ಲಿರುವ ಸಣ್ಣ ಫ್ಯಾಬ್ರಿಕೇಶನ್ ಕಾರ್ಖಾನೆ, 24 ಜನ ಕೆಲಸಗಾರರಿದ್ದಾರೆ. ಕೊಟೇಶನ್ ಕೊಡುವಾಗ ದಿನಗೂಲಿ 600 ರೂಪಾಯಿಗೆ ಪಿಎಫ್‌ನ 13% ಮತ್ತು ಇಎಸ್‌ಐನ 3.25% ಸೇರಿಸಿ, ಎಂಟರಿಂದ ಭಾಗಿಸಿ, ಗಂಟೆಗೆ ಸುಮಾರು 87 ರೂಪಾಯಿ ಎಂದು ಹಿಡಿಯುತ್ತೇನೆ. ಆದರೆ ಬ್ಯಾಂಕಿನಿಂದ ಹೋಗುವ ಸಂಬಳ ಮತ್ತು ಚಲನ್ ಹಣವನ್ನು ಕೂಡಿಸಿ ನೋಡಿದರೆ ಯಾವ ತಿಂಗಳೂ ಈ ದರಕ್ಕೆ ಹೊಂದುವುದಿಲ್ಲ.

ಒಬ್ಬ ವೆಲ್ಡರ್‌ನ ಸೆಪ್ಟೆಂಬರ್ ತಿಂಗಳ ಮಸ್ಟರ್ ಹೀಗಿದೆ. ದಿನಕ್ಕೆ ಬೇಸಿಕ್ ಮತ್ತು ಡಿಎ ಸೇರಿ 560, ಮನೆ ಬಾಡಿಗೆ ಭತ್ಯೆ 40. ಕೆಲಸ ಮಾಡಿದ ದಿನ 22, ಚೌತಿಯ ಸಂಬಳಸಹಿತ ರಜೆ 1 (ಶನಿವಾರ, 7ನೇ ತಾರೀಕು), ಗಳಿಕೆ ರಜೆ 1, ಗೈರುಹಾಜರಿ 1. ಹೆಚ್ಚುವರಿ ಕೆಲಸ 20 ಗಂಟೆ: ಚೌತಿಯ ವಾರದಲ್ಲಿ ನಾಲ್ಕು ದಿನ ಒಂದೊಂದು ಗಂಟೆ, ಆಮೇಲೆ ರಜೆಯಿಲ್ಲದ ಎರಡು ವಾರಗಳಲ್ಲಿ ಎಂಟೆಂಟು ಗಂಟೆ. ಓಟಿಯನ್ನು ನಾನು ಬೇಸಿಕ್ ಮತ್ತು ಡಿಎ ಮೇಲೆ ದುಪ್ಪಟ್ಟು, ಅಂದರೆ ಗಂಟೆಗೆ 140ರಂತೆ, 2,800 ರೂಪಾಯಿ ಕೊಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿದವರು ತಿದ್ದಿಕೊಡಬೇಕು.

ಅಂಕೋಲಾ ಲೆಕ್ಕಪತ್ರ

ತಪ್ಪು ಓಟಿಯಲ್ಲಿದೆ. ದುಪ್ಪಟ್ಟು ದರವನ್ನು ಬೇಸಿಕ್ ಮತ್ತು ಡಿಎ ಮೇಲೆ ಮಾತ್ರ ಕಟ್ಟುವಂತಿಲ್ಲ, ಮನೆ ಬಾಡಿಗೆ ಭತ್ಯೆಯೂ ಅದರಲ್ಲಿ ಬರಬೇಕು. 600ನ್ನು ಎಂಟರಿಂದ ಭಾಗಿಸಿದರೆ 75, ಅದರ ಎರಡರಷ್ಟು 150. ಎಂಟು ಗಂಟೆ ಮೀರಿದ ಪ್ರತಿ ಗಂಟೆಗೂ ಇದೇ ದರ, ಆದ್ದರಿಂದ 20 ಗಂಟೆಗೆ 3,000 ಆಗಬೇಕು. ಜೊತೆಗೆ 2019ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎಲ್ಲ ಭತ್ಯೆಗಳ ಮೇಲೂ ಪಿಎಫ್ ಕಟ್ಟಬೇಕು, ಓಟಿಯ ಮೇಲೂ ಸೇರಿ. ಅದನ್ನು ಸೇರಿಸಿದರೆ ನಿಮ್ಮ ವ್ಯತ್ಯಾಸ ಸರಿಹೋಗುತ್ತದೆ.

ಶಿರಸಿ ಹಳೆಯ ಟೈಮ್ ಆಫೀಸ್

ಅಂಕೋಲಾದವರು ದರದ ಬಗ್ಗೆ ಹೇಳಿದ್ದು ಸರಿಯಾಗಿದೆ. ಉಳಿದೆರಡು ಮಾತುಗಳನ್ನು ತಿದ್ದಬೇಕಾಗಿದೆ. 2019ರ ತೀರ್ಪು ಎಲ್ಲ ನೌಕರರಿಗೂ ಒಂದೇ ರೀತಿಯಲ್ಲಿ ಕೊಡುವ ಭತ್ಯೆಗಳನ್ನು ಬೇರೆ ಹೆಸರಿಟ್ಟು ಪಿಎಫ್‌ನಿಂದ ಹೊರಗಿಡುವುದನ್ನು ಕುರಿತದ್ದು. ಓಟಿ ಮತ್ತು ಮನೆ ಬಾಡಿಗೆ ಭತ್ಯೆಗಳನ್ನು ಪಿಎಫ್ ಕಾಯ್ದೆಯ 2(ಬಿ) ಕಲಮೇ ಹೆಸರು ಹಿಡಿದು ಹೊರಗಿಟ್ಟಿದೆ. ಹಾಗಾಗಿ ಓಟಿಯ ಮೇಲೆ ಪಿಎಫ್ ಇಲ್ಲ. ಇಎಸ್‌ಐ ಮಾತ್ರ ಓಟಿ ಮತ್ತು ಮನೆ ಬಾಡಿಗೆ ಎರಡರ ಮೇಲೂ ಇದೆ. ಒಂದೇ ಕೂಲಿಯ ಮೇಲೆ 16.25% ಹಾಕಿಬಿಡುವ ಲೆಕ್ಕ ಮೊದಲು ಜಾರುವುದೇ ಇಲ್ಲಿ, ಏಕೆಂದರೆ ಪಿಎಫ್‌ನ ಕೂಲಿ ಬೇರೆ, ಇಎಸ್‌ಐನ ಕೂಲಿ ಬೇರೆ.

ಇನ್ನು ಓಟಿಯ ಗಂಟೆಗಳು. ಫ್ಯಾಕ್ಟರಿ ಕಾಯ್ದೆಯ 59ನೇ ಕಲಮಿನಂತೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ಬರುತ್ತದೆ. ಆರು ದಿನವೂ ಎಂಟು ಗಂಟೆ ದುಡಿದವನಿಗೆ 48 ಅಲ್ಲಿಗೇ ತುಂಬಿರುವುದರಿಂದ ಮೇಲಿನ ಪ್ರತಿ ಗಂಟೆಯೂ ಓಟಿಯೇ ಆಗುತ್ತದೆ, ‘ಎಂಟು ಮೀರಿದರೆ ಓಟಿ’ ಎಂಬ ರೂಢಿ ಬೆಳೆದದ್ದೂ ಅದರಿಂದಲೇ. ಆದರೆ ಚೌತಿಯ ವಾರದಲ್ಲಿ ನಿಮ್ಮ ವೆಲ್ಡರ್ ಐದೇ ದಿನ ದುಡಿದು, ನಾಲ್ಕು ಹೆಚ್ಚುವರಿ ಗಂಟೆ ಸೇರಿ 44 ಗಂಟೆ ಮಾಡಿದ್ದಾನೆ. ಯಾವ ದಿನವೂ 9 ಮೀರಿಲ್ಲ. ಕಾಯ್ದೆಯ ಪ್ರಕಾರ ಆ ನಾಲ್ಕು ಗಂಟೆಗೆ ಒಂದರಷ್ಟು ಕೂಲಿ ಸಾಕು, ಉಳಿದ 16 ಗಂಟೆಗೆ ದುಪ್ಪಟ್ಟು. ಅಂದರೆ 300 ಮತ್ತು 2,400, ಒಟ್ಟು 2,700.

ನೀವು ಕೊಟ್ಟದ್ದು 2,800. ಕಡಿಮೆ ದರ ಹಿಡಿದ ತಪ್ಪನ್ನು ಹೆಚ್ಚು ಗಂಟೆ ಹಿಡಿದ ತಪ್ಪು ಮುಚ್ಚಿದ್ದರಿಂದ ಈ ತಿಂಗಳು ಹೆಚ್ಚೇನೂ ಕಾಣಿಸಲಿಲ್ಲ. ರಜೆಯಿಲ್ಲದ ತಿಂಗಳಲ್ಲಿ ಇದೇ 20 ಗಂಟೆಗೆ ನೀವು ಕೆಲಸಗಾರನಿಗೆ 200 ರೂಪಾಯಿ ಕಡಿಮೆ ಕೊಟ್ಟಿರುತ್ತೀರಿ. ಹಳೆಯ ಮಸ್ಟರ್‌ಗಳನ್ನು ತೆಗೆದು ನೋಡಿ, ಕಡಿಮೆಯಾದದ್ದನ್ನು ಅವರಿಗೆ ಕೊಟ್ಟುಬಿಡಿ. ಈ ಸಲ ಹೆಚ್ಚಾದ ನೂರನ್ನು ಹಿಂದಕ್ಕೆ ಕೇಳಬೇಡಿ.

ಮಸ್ಟರ್ ಎಕ್ಸೆಲ್‌ನಲ್ಲಿದ್ದರೆ ಸೋಮವಾರದಿಂದ ಶನಿವಾರದವರೆಗಿನ ಗಂಟೆಗಳನ್ನು ಒಂದೊಂದು ವಾರಕ್ಕೆ ಒಂದು ಸಾಲಿನಲ್ಲಿ ಬರೆದು, ದುಪ್ಪಟ್ಟಿನ ಗಂಟೆಗಳನ್ನು ಹೀಗೆ ತೆಗೆಯಬಹುದು:

```
=MAX(0,SUM(B2:G2)-48,SUMPRODUCT((B2:G2>9)*(B2:G2-9)))
```

ಕಾಯ್ದೆಯ ವಾರ ಶನಿವಾರ ಮಧ್ಯರಾತ್ರಿಗೆ ಆರಂಭವಾಗುತ್ತದೆ, ತಿಂಗಳ ಕೊನೆಗೆ ಕಡಿಯುವುದಿಲ್ಲ. ಸೆಪ್ಟೆಂಬರ್ 30ರ ಸೋಮವಾರ ಒಂದು ಹೆಚ್ಚುವರಿ ಗಂಟೆ ಇದ್ದಿದ್ದರೆ ಅದು ಓಟಿಯೋ ಅಲ್ಲವೋ ಎಂಬುದು ಅಕ್ಟೋಬರ್ 5ರ ಹಾಜರಿ ನೋಡಿದ ಮೇಲೆಯೇ ತಿಳಿಯುತ್ತಿತ್ತು. ಮೊದಲಿನಿಂದ ಎಂಟು ಮೀರಿದ್ದಕ್ಕೆಲ್ಲ ದುಪ್ಪಟ್ಟು ಕೊಡುವ ಒಪ್ಪಂದ ನಿಮ್ಮಲ್ಲಿದ್ದರೆ ಒಪ್ಪಂದದಂತೆಯೇ ನಡೆಯಬೇಕು. ಆಗ ಅಂಕೋಲಾದವರ 3,000 ಸರಿ.

ಈಗ ತಿಂಗಳ ವೆಚ್ಚ ನೋಡೋಣ. ಸಂಬಳದ 24 ದಿನಕ್ಕೆ 14,400, ಓಟಿ 2,700, ಒಟ್ಟು 17,100. ಪಿಎಫ್‌ಗೆ ಹಿಡಿಯುವ ಕೂಲಿ 560ರಂತೆ 24 ದಿನಕ್ಕೆ 13,440. ಅದರ 12% ಎಂದರೆ 1,613, ಇಡಿಎಲ್‌ಐ ವಿಮೆ ಮತ್ತು ಆಡಳಿತ ಶುಲ್ಕ ತಲಾ ಅರ್ಧ ಶೇಕಡಾದಂತೆ 67 ಮತ್ತು 67, ಒಟ್ಟು 1,747. ಇಎಸ್‌ಐ 17,100ರ ಮೇಲೆ 3.25%, ಮೇಲಿನ ರೂಪಾಯಿಗೆ ಏರಿಸಿ 556. ಕೈಯಿಂದ ಹೋಗುವ ಹಣ ಇಲ್ಲಿಗೆ 19,403.

ಇದಕ್ಕೆ ಈ ತಿಂಗಳು ಹಣ ಕೊಡದಿದ್ದರೂ ಸಾಲದಂತೆ ಬೆಳೆಯುವ ಎರಡು ಬಾಬ್ತು ಸೇರಬೇಕು. ಬೇಸಿಕ್ ಮತ್ತು ಡಿಎ ಕನಿಷ್ಠ ವೇತನದ ಮಟ್ಟದಲ್ಲೇ ಇದೆ ಎಂದುಕೊಂಡರೆ ಬೋನಸ್ 13,440ರ 8.33%, ಸುಮಾರು 1,120. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ಕೂಲಿ, ತಿಂಗಳಿಗೆ 700. ಒಟ್ಟು 21,223. ಗಳಿಕೆ ರಜೆಗೆ ಬೇರೆ ಹಣ ತೆಗೆದಿಡುವ ಪದ್ಧತಿ ಇದ್ದರೆ, ಬಳಸಿದ ರಜೆಯ ಕೂಲಿಯನ್ನು ಮೇಲಿನ 14,400ರಿಂದ ತೆಗೆಯಿರಿ. ಎರಡೂ ಕಡೆ ಹಿಡಿದರೆ ಒಂದೇ ರಜೆಗೆ ಎರಡು ಸಲ ಖರ್ಚು ಬೀಳುತ್ತದೆ.

ಇದನ್ನು ಭಾಗಿಸಬೇಕಾದದ್ದು ಸಂಬಳ ಕೊಟ್ಟ ದಿನಗಳಿಂದ ಅಲ್ಲ, ದುಡಿದ ಗಂಟೆಗಳಿಂದ. 22 ದಿನದ 176 ಗಂಟೆ, ಹೆಚ್ಚುವರಿ 20, ಒಟ್ಟು 196. ಗಂಟೆಗೆ 108 ರೂಪಾಯಿ ಚಿಲ್ಲರೆ ಬೀಳುತ್ತದೆ. ನಿಮ್ಮ 87ಕ್ಕೂ ಇದಕ್ಕೂ ನಡುವೆ ಇರುವ 21 ರೂಪಾಯಿಯಲ್ಲಿ ರಜೆ, ಓಟಿ, ಬೋನಸ್ ಮತ್ತು ಗ್ರಾಚ್ಯುಟಿ ಕುಳಿತಿವೆ.

ಓಟಿಯನ್ನು ಪೂರ್ತಿ ಬದಿಗಿಟ್ಟರೆ ವೆಚ್ಚ 18,435, ಅಂದರೆ 176 ಗಂಟೆಗೆ ಭಾಗಿಸಿ ತಲಾ 105. ದುಪ್ಪಟ್ಟು ಓಟಿಯ ಒಂದು ಗಂಟೆಗೆ ಬೀಳುವುದು 150 ಮತ್ತು ಇಎಸ್‌ಐ ಸೇರಿ 155, ಏಕೆಂದರೆ ಅದರ ಮೇಲೆ ಪಿಎಫ್, ಬೋನಸ್, ಗ್ರಾಚ್ಯುಟಿ ಇಲ್ಲ. ಕೂಲಿ ದುಪ್ಪಟ್ಟಾದರೂ ವೆಚ್ಚ ಒಂದೂವರೆ ಪಟ್ಟು ಮಾತ್ರ. ಇನ್ನೊಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೋ, ಓಟಿಯಲ್ಲೇ ಮುಗಿಸಬೇಕೋ ಎಂದು ತೂಗಿ ನೋಡುವಾಗ ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಳ್ಳಿ.

ಬೈತಖೋಲ್ ಐಸ್ ಪ್ಲಾಂಟ್

ನಮ್ಮದು ಮಂಜುಗಡ್ಡೆಯ ಕಾರ್ಖಾನೆ. ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ ಆಗಸ್ಟ್‌ನಲ್ಲಿ ಇಬ್ಬರು ಆಪರೇಟರ್‌ಗಳಿಗೆ ಓಟಿ ಸೇರಿ 23,000 ದಾಟಿತು. ಇಎಸ್‌ಐ ಮಿತಿ 21,000 ಆಗಿರುವುದರಿಂದ ಅವರನ್ನು ಆ ತಿಂಗಳಿನಿಂದ ಪಟ್ಟಿಯಿಂದ ತೆಗೆದೆವು. ಓಟಿ ಹೆಚ್ಚಿರುವ ತಿಂಗಳಲ್ಲಿ ಇಎಸ್‌ಐ ಉಳಿಯುವುದರಿಂದ ವೆಚ್ಚ ಇನ್ನೂ ಕಡಿಮೆಯಾಗುತ್ತದಲ್ಲವೇ?

ಶಿರಸಿ ಹಳೆಯ ಟೈಮ್ ಆಫೀಸ್

ದಯವಿಟ್ಟು ಅವರನ್ನು ಕೂಡಲೇ ಮತ್ತೆ ಸೇರಿಸಿ. 21,000ದ ಮಿತಿ ನೋಡುವಾಗ ಓಟಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ವಂತಿಗೆ ಕಟ್ಟುವಾಗ ಹಿಡಿಯುತ್ತಾರೆ. ಓಟಿ ಬಿಟ್ಟು ಅವರ ಕೂಲಿ 21,000ದೊಳಗೆ ಇದ್ದರೆ ಅವರು ವಿಮೆಗೆ ಒಳಪಟ್ಟವರೇ, 23,000ದ ಪೂರ್ತಿ ಮೊತ್ತದ ಮೇಲೂ ವಂತಿಗೆ ಬರುತ್ತದೆ. ಮೂಲ ಕೂಲಿಯೇ ನಡುವೆ ಏರಿ ಮಿತಿ ದಾಟಿದ್ದರೂ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಅವಧಿ ಮುಗಿಯುವವರೆಗೆ ತೆಗೆಯುವಂತಿರಲಿಲ್ಲ. ಪಟ್ಟಿಯಲ್ಲಿಲ್ಲದ ದಿನಗಳಲ್ಲಿ ಅಮೋನಿಯಾ ಸೋರಿ ಯಾರಿಗಾದರೂ ಪೆಟ್ಟಾದರೆ ಆ ಮನೆಯ ಗತಿ ಏನು ಎಂಬುದನ್ನೂ ಯೋಚಿಸಬೇಕು.

ಕುಮಟಾ ಗೇರುಬೀಜ

ನಮ್ಮಲ್ಲಿ ಗೇರುಬೀಜ ಸುಲಿಯುವ ಹೆಂಗಸರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಗಂಟೆಯ ದರವೇ ಇಲ್ಲದಿರುವಾಗ ದುಪ್ಪಟ್ಟು ಮಾಡುವುದು ಯಾವುದನ್ನು? ಮಸ್ಟರ್‌ನಲ್ಲಿ ಹಾಜರಿಯ ಗುರುತು ಮಾತ್ರ ಇದೆ, ಬಂದ ಮತ್ತು ಹೋದ ಸಮಯ ಇಲ್ಲ.

ಶಿರಸಿ ಹಳೆಯ ಟೈಮ್ ಆಫೀಸ್

ಓಟಿ ಮಾಡಿದ ತಿಂಗಳ ಹಿಂದಿನ ತಿಂಗಳಲ್ಲಿ ಆಕೆ ದುಡಿದ ದಿನಗಳ ಸರಾಸರಿ ಗಳಿಕೆಯನ್ನು, ಓಟಿ ಬಿಟ್ಟು, ದಿನದ ದರವೆಂದು ಹಿಡಿದು ಅದನ್ನು ದುಪ್ಪಟ್ಟು ಮಾಡಬೇಕು. ಆದರೆ ಸಮಯವನ್ನೇ ಬರೆಯದ ಮಸ್ಟರ್‌ನಿಂದ ಓಟಿಯ ಗಂಟೆಗಳನ್ನು ತೆಗೆಯುವ ದಾರಿ ನನಗೆ ಕಾಣುತ್ತಿಲ್ಲ. ಕಿಲೋ ತೂಕದಿಂದ ಗಂಟೆಯನ್ನು ಊಹಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕೈ ಚುರುಕಿರುವವಳ ಗಂಟೆ ಹೆಚ್ಚಾಗಿಯೂ ನಿಧಾನದವಳ ಗಂಟೆ ಕಡಿಮೆಯಾಗಿಯೂ ಕಾಣುತ್ತದೆ.

ಶಿರವಾಡ ವೆಲ್ಡಿಂಗ್ ಶೆಡ್

ತುಂಬ ಉಪಕಾರವಾಯಿತು. ಇಷ್ಟು ದಿನ ಇಎಸ್‌ಐಯನ್ನು 14,400ರ ಮೇಲೆ ಮಾತ್ರ, 468 ರೂಪಾಯಿ ಕಟ್ಟುತ್ತ ಬಂದಿದ್ದೇನೆ ಎಂಬುದು ಈಗ ಗೊತ್ತಾಯಿತು. ಉಳಿದ 23 ಜನರಲ್ಲೂ ಹೀಗೇ ಆಗಿದೆಯೇ ಎಂದು ಒಬ್ಬೊಬ್ಬರ ಮಸ್ಟರ್ ತೆಗೆಯದೆ ತಿಳಿಯಬಹುದೇ? ಬಾಕಿಯನ್ನು ಮುಂದಿನ ಸಂಬಳದಲ್ಲಿ ಹಿಡಿಯಬಹುದೇ?

ಶಿರಸಿ ಹಳೆಯ ಟೈಮ್ ಆಫೀಸ್

ತಿಂಗಳ ಇಎಸ್‌ಐ ರಿಟರ್ನ್‌ನಲ್ಲಿರುವ ಒಟ್ಟು ಕೂಲಿಯಿಂದ ಪಿಎಫ್ ಇಸಿಆರ್‌ನಲ್ಲಿರುವ ಪಿಎಫ್ ಕೂಲಿಯನ್ನೂ ವೇತನ ಪುಸ್ತಕದ ಮನೆ ಬಾಡಿಗೆ ಭತ್ಯೆಯನ್ನೂ ಕಳೆಯಿರಿ. ಎರಡೂ ಕಡೆ ಅದೇ 24 ಜನರಿದ್ದು, ಎಲ್ಲರ ಪಿಎಫ್ ಪೂರ್ತಿ ಬೇಸಿಕ್ ಮತ್ತು ಡಿಎ ಮೇಲೆ ಇದ್ದರೆ, ಉಳಿದದ್ದು ಆ ತಿಂಗಳ ಓಟಿ ಮೊತ್ತಕ್ಕೆ ಸಮವಾಗಬೇಕು. ಓಟಿ ನಡೆದ ತಿಂಗಳಲ್ಲೂ ಸೊನ್ನೆ ಬಂದರೆ ಓಟಿಯ ಮೇಲಿನ ಇಎಸ್‌ಐ ಬಿಟ್ಟುಹೋಗಿದೆ ಎಂದೇ ಅರ್ಥ.

ಬಾಕಿಯನ್ನು ಮುಂದಿನ ಸಂಬಳದಲ್ಲಿ ಹಿಡಿಯುವಂತಿಲ್ಲ. ಕೆಲಸಗಾರನ 0.75%ನ್ನು ಆಯಾ ಅವಧಿಯ ಕೂಲಿಯಿಂದ ಮಾತ್ರ ಕಡಿಯಬಹುದು. ತಪ್ಪಿಹೋದ ಮೇಲೆ ಪೂರ್ತಿ 4% ನಿಮ್ಮದೇ, ಬಡ್ಡಿಯೂ ನಿಮ್ಮದೇ. ಈ ವೆಲ್ಡರ್‌ನ ಸೆಪ್ಟೆಂಬರ್ ಓಟಿಗೆ, ನೀವು ಕೊಟ್ಟ 2,800ರ ಮೇಲೆ, 112 ರೂಪಾಯಿ.

ಅಂಕೋಲಾ ಲೆಕ್ಕಪತ್ರ

ಓಟಿಗೆ ಪಿಎಫ್ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಚೌತಿಯ ವಾರದ ಆ ನಾಲ್ಕು ಗಂಟೆ ಕಾಯ್ದೆಯ ಪ್ರಕಾರ ಓಟಿಯೇ ಅಲ್ಲ ಎಂದಾದರೆ, ಅದಕ್ಕೆ ಕೊಟ್ಟ 300ರಲ್ಲಿ ಬೇಸಿಕ್ ಮತ್ತು ಡಿಎಗೆ ಸೇರಿದ 280ರ ಮೇಲೆ ಪಿಎಫ್ ಕಟ್ಟಬೇಕಾಗುವುದಿಲ್ಲವೇ?

ಶಿರಸಿ ಹಳೆಯ ಟೈಮ್ ಆಫೀಸ್

ಒಳ್ಳೆಯ ಪ್ರಶ್ನೆ. ನನ್ನ ಓದಿನಂತೆ ಕಟ್ಟಬೇಕು, 13% ಎಂದರೆ 36 ರೂಪಾಯಿ ಚಿಲ್ಲರೆ. ಆಗ ಮೇಲೆ ಹೇಳಿದ ಹೋಲಿಕೆಯಲ್ಲೂ ಆ 280 ಪಿಎಫ್ ಕೂಲಿಯ ಕಡೆಗೆ ಸರಿಯುತ್ತದೆ. ಆದರೆ ನಾನು ಕೆಲಸ ಮಾಡಿದ ಕಡೆಗಳಲ್ಲಿ ಇದನ್ನೂ ಓಟಿ ಕಾಲಮಿನಲ್ಲೇ ಬರೆದು ಬಿಡುತ್ತಿದ್ದರು, ತಪಾಸಣೆಗೆ ಬಂದವರು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಏನು ಉತ್ತರ ಕೊಡುತ್ತಿದ್ದೆವೋ ಹೇಳಲಾರೆ. ಇದನ್ನು ತಪಾಸಣೆಯಲ್ಲಿ ಎದುರಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.