‘ನೋಡೋಣ’ ಅಂದವರ ಹೆಸರಿಗೆ ಕೆಲಸ: ಚಾಟ್‌ಬಾಟ್‌ನಿಂದ ಸಭೆಯ ಸಾರಾಂಶ ಮಾಡಿಸಿದವರ ಅನುಭವ

ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಬೆಂಗಳೂರು

ನಮ್ಮ ಸಂಘದ ಸಭೆ 2 ಗಂಟೆ 40 ನಿಮಿಷ ನಡೆಯಿತು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಮೇಜಿನ ಮೇಲೆ ಒಂದೇ ಲ್ಯಾಪ್‌ಟಾಪ್. ರೆಕಾರ್ಡಿಂಗ್‌ನಿಂದ ತೆಗೆದ ಪಠ್ಯ 38 ಪುಟ. ಚಾಟ್‌ಬಾಟ್‌ಗೆ ಕೊಟ್ಟರೆ ಒಮ್ಮೆ ಅರ್ಧ ಪುಟ ಬರತ್ತೆ, ಇನ್ನೊಮ್ಮೆ ನಾಲ್ಕು ಪುಟ. ಯಾರು ಯಾವ ಕೆಲಸ ಒಪ್ಪಿಕೊಂಡರು ಅನ್ನೋದು ಪ್ರತಿ ಸಲ ಬೇರೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಪ್ರಾಜೆಕ್ಟ್ ನೋಡಿಕೊಳ್ಳುವವಳು, ಮೈಸೂರು

ಇದರಿಂದ ನನ್ನ ತಂಡದ ಒಬ್ಬ ಹುಡುಗ ಎರಡು ಶನಿವಾರ, ಎರಡು ಭಾನುವಾರ ಕಳಕೊಂಡ. ರಾತ್ರಿ ಒಂಬತ್ತಕ್ಕೆ ಸಾರಾಂಶ ಬಂತು, ಓದಿ ಚೆನ್ನಾಗಿದೆ ಅನ್ನಿಸಿ 14 ಜನಕ್ಕೆ ಕಳಿಸಿಬಿಟ್ಟೆ. ಅದರಲ್ಲಿ ಅವನ ಹೆಸರಿನ ಮುಂದೆ ‘ಶುಕ್ರವಾರದೊಳಗೆ ಹಳೆಯ ಡೇಟಾ ವರ್ಗಾವಣೆ’ ಅಂತ ಇತ್ತು. ಅವನು ಹೇಳಿದ್ದು ‘ಶುಕ್ರವಾರದೊಳಗೆ ಆಗತ್ತಾ ನೋಡೋಣ’ ಅಂತ. ಗ್ರಾಹಕರ ಕಡೆಯವರು ಅದನ್ನೇ ಹಿಡಿದರು. ಆಮೇಲೆ ನಾನು ಎಷ್ಟು ಸಮಜಾಯಿಷಿ ಕೊಟ್ಟರೂ ಬರೆದದ್ದು ಬರೆದದ್ದೇ.

ಆ ಮೇಲೆ ಹಳೆಯ ಆರು ಸಭೆಗಳ ರೆಕಾರ್ಡಿಂಗನ್ನು ನಾನೇ ಕೂತು ಕೇಳಿದೆ, ಮೂರು ವಾರ ಹಿಡಿಯಿತು. ಚಾಟ್‌ಬಾಟ್ ಪಟ್ಟಿ ಮಾಡಿದ್ದು 47 ಕೆಲಸ. ಅದರಲ್ಲಿ 19ನ್ನು ಯಾರೂ ಒಪ್ಪಿಕೊಂಡೇ ಇರಲಿಲ್ಲ. 11 ಕಡೆ ಮೂಲದಲ್ಲಿ ಇದ್ದದ್ದು ‘ನೋಡೋಣ’, ‘ಮಾಡೋಣ’, ‘ಕೇಳೋಣ’. ನಾವು ‘ಮಾಡೋಣ’ ಅಂದಾಗ ಮಾಡುವವರು ಯಾರು ಅಂತ ಮಾತಿನಲ್ಲಿ ಇರೋದೇ ಇಲ್ಲ. ಎಷ್ಟೋ ಸಲ ಅದರ ಅರ್ಥ ‘ಈಗ ಬೇಡ’ ಅಂತಲೇ. ಆದರೆ ನಾನು ಸಾರಾಂಶ ಕೇಳಿದ್ದು ಇಂಗ್ಲಿಷಿನಲ್ಲಿ. ಭಾಷೆ ಬದಲಾಗುವಾಗ ‘ನೋಡೋಣ’ ಅನ್ನೋದು ‘ಪರಿಶೀಲಿಸುತ್ತೇವೆ’ ಆಯಿತು, ಅದು ಪಟ್ಟಿಗೆ ಹೋದಾಗ ‘ಪರಿಶೀಲಿಸಬೇಕು’ ಆಯಿತು, ಕೊನೆಗೆ ಕಡೆಯದಾಗಿ ಮಾತಾಡಿದವನ ಹೆಸರು ಅಂಟಿಕೊಂಡಿತು.

ಈಗ ನಾನು ಮೊದಲು ಸಾರಾಂಶ ಕೇಳೋದೇ ಇಲ್ಲ, ಮೊದಲು ಪಟ್ಟಿ:

```
ಸಾರಾಂಶ ಬೇಡ. ಕೆಲಸಗಳ ಪಟ್ಟಿ ಮಾತ್ರ ಕೊಡು.
ಪ್ರತಿ ಕೆಲಸಕ್ಕೆ: ಸಮಯ, ಆಡಿದ ಮಾತು ಮೂಲದಲ್ಲಿರುವಂತೆಯೇ, ಯಾರು, ಯಾವಾಗ.
ಮಾತನ್ನು ಅನುವಾದಿಸಬೇಡ, ತಿದ್ದಬೇಡ.
ಗುಂಪು: ಒಪ್ಪಿಕೊಂಡದ್ದು / ಸಲಹೆ ಮಾತ್ರ / ಮುಂದೂಡಿದ್ದು.
"ನೋಡೋಣ", "ಮಾಡೋಣ" ಇದ್ದರೆ "ಒಪ್ಪಿಕೊಂಡದ್ದು" ಗುಂಪಿಗೆ ಹಾಕಬೇಡ.
ಹೆಸರು ಅಥವಾ ದಿನ ಹೇಳಿಲ್ಲದಿದ್ದರೆ "ಹೇಳಿಲ್ಲ" ಎಂದೇ ಬರೆ.
```

ಬಂದ ಪ್ರತಿ ಮಾತನ್ನೂ ಮೂಲ ಪಠ್ಯದಲ್ಲಿ Ctrl+F ಹೊಡೆದು ಹುಡುಕುತ್ತೇನೆ. ಸಿಗದಿದ್ದರೆ ಆ ಸಮಯದ ಆಸುಪಾಸು ಓದುತ್ತೇನೆ, ಅಲ್ಲೂ ಇಲ್ಲದಿದ್ದರೆ ಆ ಕೆಲಸ ಹೊಡೆದುಹಾಕುತ್ತೇನೆ. ಮೂರು ಗಂಟೆಯ ಸಭೆಗೆ ಇಷ್ಟಕ್ಕೆ 25 ನಿಮಿಷ ಸಾಕು.

ನಿವೃತ್ತ ಶೀಘ್ರಲಿಪಿಗಾರ, ತುಮಕೂರು

31 ವರ್ಷ ಸಭೆಗಳಲ್ಲಿ ಕೂತು ಬರೆದಿದ್ದೇನೆ. ಒಂದು ನಡಾವಳಿಯೂ ವಾಪಸ್ ಬರಲಿಲ್ಲ. ನಡಾವಳಿಯಲ್ಲಿ ಇರಬೇಕಾದ್ದು ತೀರ್ಮಾನ, ಯಾರು ಏನು ಮಾತಾಡಿದರು ಅನ್ನೋದಲ್ಲ. 38 ಪುಟ ತೆಗೆದದ್ದೇ ಮೊದಲ ತಪ್ಪು. ಆ ಯಂತ್ರ ಓದುವುದು ಮೊದಲು ಮತ್ತು ಕೊನೆ ಮಾತ್ರ, ನಡುವಿನದನ್ನು ಓದುವುದೇ ಇಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ‘ಆಯ್ತು’ ಅಂದರೆ ಒಪ್ಪಿಗೆ ಅಲ್ಲ. ‘ಆಯ್ತು, ಆಯ್ತು, ಮುಂದೆ ಹೇಳಿ’ ಅನ್ನೋದು ಬಾಯಿ ಮುಚ್ಚಿಸೋಕೆ. ಕೂತು ಕೇಳಿದವನಿಗೆ ಅದು ದನಿಯಲ್ಲೇ ಗೊತ್ತಾಗತ್ತೆ. ಕಾಗದದ ಮೇಲೆ ಎರಡಕ್ಕೂ ಅದೇ ಎರಡು ಅಕ್ಷರ.

ಪ್ರಾಜೆಕ್ಟ್ ನೋಡಿಕೊಳ್ಳುವವಳು, ಮೈಸೂರು

ಸರ್, ‘ಆಯ್ತು’ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅದನ್ನೂ ನನ್ನ ಸೂಚನೆಗೆ ಸೇರಿಸುತ್ತೇನೆ. ಆದರೆ ನಡುವಿನದು ಓದೋದೇ ಇಲ್ಲ ಅನ್ನೋದು ತಪ್ಪು. ಪಠ್ಯ ಉದ್ದವಾದಷ್ಟೂ ನಡುವಿನ ಸಂಗತಿಗಳು ಬಿಟ್ಟುಹೋಗುವ ಸಂಭವ ಜಾಸ್ತಿ, ಅಷ್ಟೇ. ನಮ್ಮ ಆರು ಸಭೆಗಳಲ್ಲಿ ನಡುವೆ ಬಂದ ಕೆಲಸಗಳೂ ಸಿಕ್ಕಿವೆ. ಮತ್ತೆ, ನಮ್ಮಲ್ಲಿ ವಾರಕ್ಕೆ ಒಂಬತ್ತು ಸಭೆ. ಯಾರು ಕೂತು ಕೈಯಲ್ಲಿ ಬರೀತಾರೆ?

ಹಾಲಿನ ಸಂಘದ ಲೆಕ್ಕದವರು, ಧಾರವಾಡ ಜಿಲ್ಲಾ

ನಮ್ದು ಬ್ಯಾರೆ ಕಥಿರಿ. ಪುಕ್ಕಟೆ ಖಾತೆ, ಒಮ್ಮೆಲೇ ಅಷ್ಟೂ ಪಠ್ಯ ತಗೊಳ್ಳಿಲ್ಲ. ನಾಲ್ಕು ತುಂಡು ಮಾಡಿ, ಒಂದೊಂದಕ್ಕ ಸಾರಾಂಶ ತಗದು, ನಾಲ್ಕನ್ನೂ ಕೂಡಿಸಿದೆ. ಮೊದಲನೇ ತುಂಡಿನ್ಯಾಗ ‘ಹಾಲು ಅಳಿಯೋ ಹೊಸ ಯಂತ್ರಕ್ಕ ಮುಂಗಡ ಕೊಡೋದು’ ಅಂತ ತೀರ್ಮಾನ. ನಾಲ್ಕನೇ ತುಂಡಿನ್ಯಾಗ ಅಧ್ಯಕ್ಷರು ‘ಆ ಮೊದಲಿಂದು ಬ್ಯಾಡ್ರಿ, ಹಳೇದ್ನ ರಿಪೇರಿ ಮಾಡ್ಸೂಣು’ ಅಂದಿದ್ರು. ‘ಆ ಮೊದಲಿಂದು’ ಅಂದ್ರ ಯಾವುದು ಅಂತ ನಾಲ್ಕನೇ ತುಂಡಿಗೆ ಹೆಂಗ ಗೊತ್ತಾಗಬೇಕು? ಎರಡೂ ಸಾಲು ಸಾರಾಂಶದಾಗ ಉಳಿದ್ವು, ನಾನು ಮ್ಯಾಲಿಂದು ನೋಡಿ 18,500 ರೂಪಾಯಿ ಮುಂಗಡ ಕಳಿಸಿದೆ. ವಾಪಸ್ ಬರಾಕ ಎರಡು ತಿಂಗಳ ಮ್ಯಾಲ ಹನ್ನೊಂದು ದಿನ. 2,000 ಮುರಕೊಂಡ್ರು. ಅದನ್ನ ನನ್ನ ಕೈಯಿಂದ ಹಾಕೀನಿ.

ಈಗ ಗಂಟೆ ಲೆಕ್ಕದಾಗ ತುಂಡು ಮಾಡೂದಿಲ್ಲ, ವಿಷಯದ ಲೆಕ್ಕದಾಗ ಮಾಡ್ತೀನಿ. ಯಂತ್ರದ ಮಾತು ಎಲ್ಲೆಲ್ಲಿ ಬಂದೈತಿ ಅದೆಲ್ಲಾ ಒಂದು ಕಡೆ ಇಟ್ಟು, ‘ಈ ವಿಷಯದಾಗ ಕೊನಿಗೆ ಏನಾತು, ಮೊದಲಿಂದು ರದ್ದಾಗೇತೇನು’ ಅಂತ ಕೇಳ್ತೀನಿ.

ಉದ್ದದ ಬಗ್ಗೆ: ‘ಇನ್ನೂರು ಪದದಾಗ ಬರಿ’ ಅಂದ್ರ ನಂಗ ಒಮ್ಮೆ 130 ಬಂತು, ಒಮ್ಮೆ 320. ಪದ ಎಣಿಸೂದು ಅದಕ್ಕ ಬರೂದಿಲ್ರಿ, ಕನ್ನಡದಾಗಂತೂ ಇನ್ನೂ ಕಷ್ಟ. ‘ಏಳು ತೀರ್ಮಾನ, ಒಂದಕ್ಕ ಒಂದೇ ವಾಕ್ಯ, ಚರ್ಚೆ ಬಿಡು’ ಅಂದ್ರ ಏಳೇ ಬರ್ತಾವ. ಆದ್ರ ಆಗಿದ್ದು ಐದೇ ತೀರ್ಮಾನ ಇದ್ರ, ಏಳು ತುಂಬಸಾಕ ಎರಡು ತಾನೇ ಹುಟ್ಟಸ್ತೈತಿ. ‘ಏಳಕ್ಕಿಂತ ಹೆಚ್ಚು ಬ್ಯಾಡ, ಕಡಿಮಿ ಇದ್ರ ಕಡಿಮಿ ಇರಲಿ’ ಅಂತ ಬರೀಬೇಕು.

ಪಿಯು ಉಪನ್ಯಾಸಕಿ, ಹಾಸನ

ನಾನು ಪಾಠದ ರೆಕಾರ್ಡಿಂಗ್‌ಗೆ ಬಳಸ್ತೀನಿ, ತುಂಬಾ ಅನುಕೂಲ. ಒಂದೇ ತೊಂದರೆ ಆದದ್ದು, ಮಕ್ಕಳು ಲೆಕ್ಕ ಬಿಡಿಸುತ್ತಿದ್ದ ಆರು ನಿಮಿಷ ನಾನು ಸುಮ್ಮನಿದ್ದೆ. ಪಠ್ಯದಲ್ಲಿ ಆ ಜಾಗದಲ್ಲಿ ‘ವೀಕ್ಷಿಸಿದ್ದಕ್ಕೆ ಧನ್ಯವಾದಗಳು’ ಅಂತ ನಾಲ್ಕು ಸಲ ಇತ್ತು. ನಾನು ಹಾಗೆ ಹೇಳೋದೇ ಇಲ್ಲ! ಸಾರಾಂಶದಲ್ಲಿ ‘ಉಪನ್ಯಾಸಕರು ಧನ್ಯವಾದ ಹೇಳಿ ತರಗತಿ ಮುಗಿಸಿದರು’ ಅಂತ ಬಂತು, ಪಾಠ ಇನ್ನೂ ಅರ್ಧ ಬಾಕಿ ಇತ್ತು.

ಧ್ವನಿ ಕೆಲಸದವನು, ಮಂಗಳೂರು

ಮೇಡಂ, ಕೇಳಿದ್ದು ಹತ್ತು ಜನ ಮಾತಾಡುವ ಸಭೆಯ ಬಗ್ಗೆ. ಆದರೂ ನೀವು ಹೇಳಿದ್ದು ಇಲ್ಲಿಗೂ ಹತ್ತುತ್ತದೆ. ಸದ್ದಿಲ್ಲದ ಕಡೆ ಇಲ್ಲದ ಮಾತು ಹುಟ್ಟಿಸುವುದು ಧ್ವನಿಯನ್ನು ಪಠ್ಯ ಮಾಡುವ ತಂತ್ರಾಂಶ. ಚಾಟ್‌ಬಾಟ್ ಅದನ್ನು ನಂಬುತ್ತದೆ. ಚಹಾದ ಬಿಡುವು ಇದ್ದರೆ ಅಷ್ಟು ಭಾಗ ಕತ್ತರಿಸಿಯೇ ಕೊಡಿ.

ಯಾರ ಮಾತು ಅನ್ನುವ ಗೊಂದಲವೂ ಹೀಗೆಯೇ. ನೀವು ಕೊಡುವುದು ಪಠ್ಯ, ಚಾಟ್‌ಬಾಟ್‌ಗೆ ಯಾರ ದನಿಯೂ ಕೇಳಿಸಿಲ್ಲ. ‘ಧ್ವನಿ 1’, ‘ಧ್ವನಿ 2’ ಅಂತ ಗುರುತು ಹಾಕಿದ್ದು ಮೊದಲಿನ ತಂತ್ರಾಂಶ. ಒಂದೇ ಮೈಕ್ ಇದ್ದರೆ ಅದು ಎರಡು ಬಗೆಯಲ್ಲಿ ತಪ್ಪುತ್ತದೆ. ಒಬ್ಬರು ಎದ್ದು ಕಿಟಕಿ ಹತ್ತಿರ ಹೋದರೆ ಅವರೇ ಇಬ್ಬರಾಗುತ್ತಾರೆ. ಹತ್ತಿರ ಹತ್ತಿರದ ದನಿಯ ಇಬ್ಬರು ಒಬ್ಬರಾಗುತ್ತಾರೆ. ಹನ್ನೆರಡು ಜನರ ಸಭೆಯಲ್ಲಿ 17 ಧ್ವನಿ ಬಂದದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಮೊದಲು ಎಣಿಸಿ, ಹಾಜರಿದ್ದವರಿಗೂ ಧ್ವನಿಗಳಿಗೂ ಲೆಕ್ಕ ಹೊಂದದಿದ್ದರೆ ಹೆಸರು ತುಂಬಲು ಹೋಗಲೇಬೇಡಿ.

ಹೆಸರು ತುಂಬು ಅಂದರೆ ಚಾಟ್‌ಬಾಟ್ ಕರೆದ ಹೆಸರನ್ನು ಹಿಡಿಯುತ್ತದೆ. ‘ಖಜಾಂಚಿಗಳೇ, ನೀವು ಹೇಳಿ’ ಅಂತ ಯಾರೋ ಅಂದರು. ಮುಂದಿನ ಸಾಲು ಖಜಾಂಚಿಯದ್ದು ಅಂತ ಅದು ಬರೆಯಿತು. ಉತ್ತರ ಕೊಟ್ಟದ್ದು ಪಕ್ಕದಲ್ಲಿ ಕೂತವರು. ಕನ್ನಡದಲ್ಲಿ ‘ನಾನು’ ಬಿಟ್ಟೇ ಮಾತಾಡುತ್ತೇವೆ. ‘ತರ್ತೀನಿ’ ಅಂದರೆ ಆಡಿದವರೇ ತರುತ್ತಾರೆ ಅನ್ನುವುದು ಖಚಿತ, ಆಡಿದವರು ಯಾರು ಅನ್ನುವುದು ಮಾತ್ರ ಪಠ್ಯದಲ್ಲಿ ಇಲ್ಲ.

ಮುಂದಿನ ಸಭೆಗೆ, ಶುರುವಿನಲ್ಲೇ ಪ್ರತಿಯೊಬ್ಬರೂ ಹೆಸರು, ಮನೆ ಸಂಖ್ಯೆ, ಒಂದು ಪೂರ್ತಿ ವಾಕ್ಯ ಹೇಳಲಿ. ತಲೆಗೆ ಹದಿನೈದು ಸೆಕೆಂಡ್. ಯಾವ ಧ್ವನಿ ಯಾರು ಅಂತ ಆ ಭಾಗ ಕೇಳಿ ನೀವೇ ಪಟ್ಟಿ ಬರೆದುಕೊಡಿ. ಈಗಿನ 38 ಪುಟಕ್ಕೆ ‘ಯಾರು: ಸ್ಪಷ್ಟವಿಲ್ಲ, 1:12:40’ ಅಂತಲೇ ಬರೆಸಿ, ಆ ಜಾಗಗಳನ್ನು ಮಾತ್ರ ಕಿವಿಯಿಂದ ಕೇಳಿ. ಇಪ್ಪತ್ತು ಜಾಗ ಇದ್ದರೂ ಅರ್ಧ ಗಂಟೆಯ ಕೆಲಸ.

ನಿವೃತ್ತ ಶೀಘ್ರಲಿಪಿಗಾರ, ತುಮಕೂರು

‘ಸ್ಪಷ್ಟವಿಲ್ಲ’ ಅಂತ ನಡಾವಳಿಯಲ್ಲಿ ಬರೆಯುವುದಾ? ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಬರೆಯುವವನ ಕೆಲಸವೇ ಸ್ಪಷ್ಟ ಮಾಡುವುದು. ಅದನ್ನು ಸದಸ್ಯರ ಮುಂದೆ ಇಟ್ಟರೆ ಎಲ್ಲರೂ ‘ನಾನಲ್ಲ’ ಅನ್ನುತ್ತಾರೆ.

ಪ್ರಾಜೆಕ್ಟ್ ನೋಡಿಕೊಳ್ಳುವವಳು, ಮೈಸೂರು

ಅವಮಾನ ಅಂದರೆ ಏನು ಅಂತ ನಮ್ಮ ಹುಡುಗನನ್ನು ಕೇಳಿ ಸರ್. ಹೆಸರು ಊಹಿಸಿ ಬರೆದದ್ದರಿಂದ ಅವನು ಈಗಲೂ ಸಭೆಯಲ್ಲಿ ಬಾಯಿ ಬಿಡಲ್ಲ.

ಹಾಲಿನ ಸಂಘದ ಲೆಕ್ಕದವರು, ಧಾರವಾಡ ಜಿಲ್ಲಾ

ಹಿರಿಯರಿಗೆ ಹಂಗ ಮಾತಾಡಬ್ಯಾಡ್ರಿ. ಅವರು ಹೇಳಿದ್ದು ನಡಾವಳಿ ಬಗ್ಗೆ, ನೀವು ಹೇಳೂದು ಕೆಲಸದ ಪಟ್ಟಿ ಬಗ್ಗೆ. ನಾ ಎರಡನ್ನೂ ಬ್ಯಾರೆ ಮಾಡೇನಿ. ಸಹಿ ಬೀಳೂದು ತೀರ್ಮಾನದ ಹಾಳಿಗೆ. ಕೆಲಸದ ಪಟ್ಟಿ ವಾಟ್ಸಾಪಿನ್ಯಾಗ.

ಧ್ವನಿ ಕೆಲಸದವನು, ಮಂಗಳೂರು

ವಾಟ್ಸಾಪಿನಲ್ಲಿ ಮಾತಿನ ಸಾಲುಗಳನ್ನು ಸಮಯ ಸಮೇತ ಹಾಕುತ್ತೀರಾ? ನಿಮ್ಮ ಸದಸ್ಯರು ರೆಕಾರ್ಡಿಂಗ್‌ಗೆ ಒಪ್ಪಿದ್ದಾರಾ? ಆ ಪಠ್ಯವನ್ನು ಪುಕ್ಕಟೆ ಖಾತೆಗೆ ಹಾಕುವಾಗ ಯಾರನ್ನಾದರೂ ಕೇಳಿದ್ದೀರಾ?

ಹಾಲಿನ ಸಂಘದ ಲೆಕ್ಕದವರು, ಧಾರವಾಡ ಜಿಲ್ಲಾ

ಸಭಾ ಶುರು ಮಾಡುವಾಗ ಅಧ್ಯಕ್ಷರು ಹೇಳ್ತಾರ, ಯಾರೂ ಬ್ಯಾಡ ಅಂದಿಲ್ಲ. ಹೆಸರು, ಫೋನ್ ನಂಬರ್ ತಗದೇ ಹಾಕ್ತೀನಿ. ನೀವು ನನ್ನ ಕಳ್ಳರಂಗ ಕೇಳೂದು ಸರಿ ಅಲ್ಲ.

ಧ್ವನಿ ಕೆಲಸದವನು, ಮಂಗಳೂರು

ಹೆಸರು ತೆಗೆದರೆ ‘ಖಜಾಂಚಿಗಳೇ’ ಉಳಿಯುತ್ತದಲ್ಲ. ಊರಿನಲ್ಲಿ ಖಜಾಂಚಿ ಎಷ್ಟು ಜನ ಇದ್ದಾರೆ? ಬೇಡ ಅನ್ನದಿದ್ದದ್ದು ಒಪ್ಪಿಗೆ ಆಗುವುದಿಲ್ಲ.

ನಿವೃತ್ತ ಶೀಘ್ರಲಿಪಿಗಾರ, ತುಮಕೂರು

ನಡಾವಳಿಗೆ ಸಹಿ ಬಿದ್ದ ದಿನ ನನ್ನ ಶೀಘ್ರಲಿಪಿ ಪುಸ್ತಕ ಕಪಾಟಿಗೆ ಹೋಗಿ ಬೀಗ ಬೀಳುತ್ತಿತ್ತು. ರೆಕಾರ್ಡಿಂಗನ್ನೂ ಅದೇ ದಿನ ಅಳಿಸಬೇಕು.

ಪ್ರಾಜೆಕ್ಟ್ ನೋಡಿಕೊಳ್ಳುವವಳು, ಮೈಸೂರು

ಬೀಗ ಹಾಕೋದು ಬೇರೆ, ಅಳಿಸೋದು ಬೇರೆ. ನೀವು ಪುಸ್ತಕ ಸುಡಲಿಲ್ಲವಲ್ಲ. ನನ್ನ ಹತ್ತಿರ ರೆಕಾರ್ಡಿಂಗ್ ಇರದಿದ್ದರೆ ಆ 19 ತಪ್ಪು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಬೆಂಗಳೂರು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮೈಸೂರಿನ ಮೇಡಂ ಕೊಟ್ಟ ಸೂಚನೆಯಲ್ಲೇ ಪಟ್ಟಿ ತೆಗೆದೆ. ಮೊದಲು 16 ಕೆಲಸ ಇತ್ತು, ಈಗ ‘ಒಪ್ಪಿಕೊಂಡದ್ದು’ ಗುಂಪಿನಲ್ಲಿ ಉಳಿದದ್ದು 6. ಐದು ಮಾತು ಮೂಲದಲ್ಲಿ ಹಾಗೇ ಸಿಕ್ಕಿದವು. ಆರನೆಯದು ‘ಲಿಫ್ಟಿನ ಗುತ್ತಿಗೆದಾರರ ಹತ್ರ ನಾನೇ ಮಾತಾಡ್ತೀನಿ’ ಅಂತ 1:52ರಲ್ಲಿ ಇದೆ, ಅದೇ ಹೊತ್ತಿಗೆ ಮಿಕ್ಸಿ ಸದ್ದು. ನಾಲ್ಕು ಸಲ ಕೇಳಿದೆ. ನನಗೆ ಅದು ಉಪಾಧ್ಯಕ್ಷರ ದನಿ, ನಮ್ಮ ಮನೆಯವರಿಗೆ ಅದು ನನ್ನದೇ ದನಿ. ‘ಸ್ಪಷ್ಟವಿಲ್ಲ’ ಅಂತ ಬರೆದು ಸಮಿತಿಯ ಏಳೂ ಜನಕ್ಕೆ ಆ ಹತ್ತು ಸೆಕೆಂಡಿನ ತುಣುಕು ಕಳಿಸಿದ್ದೇನೆ. ಇಬ್ಬರು ಉತ್ತರಿಸಿದ್ದಾರೆ, ಇಬ್ಬರೂ ‘ನಾನಲ್ಲ’ ಅಂದಿದ್ದಾರೆ.